ಪದವಿಯ ಬೆಲೆ ಹನ್ನೆರಡು ತಿಂಗಳು

ಬೆಂಗಳೂರಿನ ಕಂಪನಿಯೊಂದು ಸೈಬರ್ ಸುರಕ್ಷತೆಯ ಹಿರಿಯ ಹುದ್ದೆಗೆ ಜಾಹೀರಾತು ಕೊಟ್ಟರೆ ಅದರಲ್ಲಿ ಸಿಐಎಸ್‌ಎಸ್‌ಪಿ ಎಂಬ ಮಾತು ಇರುವುದು ಮಾಮೂಲು. ಇದು ಐಎಸ್‌ಸಿ2 ಎಂಬ ಸಂಸ್ಥೆ 1994ರಿಂದ ಕೊಡುತ್ತಿರುವ ವೃತ್ತಿ ಪ್ರಮಾಣಪತ್ರ. ಪರೀಕ್ಷೆ ಗಂಭೀರವಾದದ್ದು. ಮೂರು ಗಂಟೆಯಲ್ಲಿ 100ರಿಂದ 150 ಪ್ರಶ್ನೆಗಳು ಬರುತ್ತವೆ. ಕೊಟ್ಟ ಉತ್ತರವನ್ನು ನೋಡಿಕೊಂಡು ಮುಂದಿನ ಪ್ರಶ್ನೆ ಎಷ್ಟು ಕಠಿಣವಾಗಿರಬೇಕೆಂದು ಕಂಪ್ಯೂಟರೇ ನಿರ್ಧರಿಸುತ್ತದೆ. ಪಾಸಾಗಲು 1000ಕ್ಕೆ 700 ಬೇಕು.

ತಿಂಗಳುಗಟ್ಟಲೆ ಓದಿ ಪಾಸಾದವರಿಗೆ ನಿಜವಾದ ತಲೆನೋವು ಆಮೇಲೆ ಶುರುವಾಗುತ್ತದೆ. ಪಾಸಾದ ಮಾತ್ರಕ್ಕೆ ಪ್ರಮಾಣಪತ್ರ ಕೈಗೆ ಬರುವುದಿಲ್ಲ. ಐದು ವರ್ಷದ ಕೆಲಸದ ಅನುಭವ ತೋರಿಸಬೇಕು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಅದರಲ್ಲಿ ಒಂದು ವರ್ಷ ಮನ್ನಾ ಸಿಗುತ್ತದೆ.

ಈ ಒಂದು ವರ್ಷದ ಸುತ್ತ ಕಚೇರಿಗಳಲ್ಲಿ, ಕಾಲೇಜು ಗೆಳೆಯರ ನಡುವೆ ಅದೆಷ್ಟೋ ತಪ್ಪು ಲೆಕ್ಕಗಳು ಓಡಾಡುತ್ತವೆ. ಬಿ.ಇ.ಗೆ ಒಂದು, ಎಂ.ಟೆಕ್‌ಗೆ ಇನ್ನೊಂದು, ಕೈಯಲ್ಲಿರುವ ಬೇರೆ ಸರ್ಟಿಫಿಕೇಟಿಗೆ ಮತ್ತೊಂದು ಎಂದು ಕೂಡಿಸಿ ‘ನನಗೆ ಎರಡೇ ವರ್ಷ ಸಾಕು’ ಎಂದುಕೊಂಡವರಿದ್ದಾರೆ. ಪದವಿಯೇ ಇಲ್ಲದವರು ಈ ಪರೀಕ್ಷೆಯ ಹತ್ತಿರವೂ ಸುಳಿಯುವಂತಿಲ್ಲ ಎಂದು ಕೈಬಿಟ್ಟವರೂ ಇದ್ದಾರೆ. ಇಬ್ಬರ ಲೆಕ್ಕವೂ ತಪ್ಪು.

ನಿಯಮ ಹೇಳುವುದೇನು?

ಸೈಬರ್ ಸುರಕ್ಷತೆಯ ಕೆಲಸವನ್ನು ಐಎಸ್‌ಸಿ2 ಎಂಟು ಕ್ಷೇತ್ರಗಳಾಗಿ ವಿಂಗಡಿಸಿದೆ. ಅಪಾಯದ ಅಂದಾಜು ಮತ್ತು ನಿರ್ವಹಣೆ, ಮಾಹಿತಿಯ ರಕ್ಷಣೆ, ವ್ಯವಸ್ಥೆಗಳ ವಿನ್ಯಾಸ, ನೆಟ್‌ವರ್ಕ್ ಸುರಕ್ಷತೆ, ಯಾರಿಗೆ ಯಾವುದರ ಪ್ರವೇಶ ಕೊಡಬೇಕೆಂಬ ನಿಯಂತ್ರಣ, ಸುರಕ್ಷತೆಯ ಪರೀಕ್ಷೆ ಮತ್ತು ತಪಾಸಣೆ, ದಿನನಿತ್ಯದ ಕಾವಲು, ಸಾಫ್ಟ್‌ವೇರ್ ಬರೆಯುವಾಗಿನ ಸುರಕ್ಷತೆ. ಅಭ್ಯರ್ಥಿಯ ಐದು ವರ್ಷದ ಅನುಭವ ಇವುಗಳಲ್ಲಿ ಕನಿಷ್ಠ ಎರಡು ಕ್ಷೇತ್ರಗಳಿಗೆ ಸೇರಿರಬೇಕು. ಐದೂ ವರ್ಷ ಒಂದೇ ಕಂಪನಿಯಲ್ಲಿ ಇರಬೇಕಿಲ್ಲ, ಎಡೆಬಿಡದೆ ಇರಬೇಕೆಂದೂ ಇಲ್ಲ. ಬಿಡಿಬಿಡಿಯಾದ ತಿಂಗಳುಗಳನ್ನು ಕೂಡಿಸಬಹುದು.

ಕಂಪ್ಯೂಟರ್ ಸೈನ್ಸ್, ಮಾಹಿತಿ ತಂತ್ರಜ್ಞಾನ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಸ್ನಾತಕ ಇಲ್ಲವೇ ಸ್ನಾತಕೋತ್ತರ ಪದವಿ ಇದ್ದರೆ ಈ ಐದರಲ್ಲಿ ಒಂದು ವರ್ಷದವರೆಗೆ ರಿಯಾಯಿತಿ. ಪದವಿಯ ಬದಲು ಐಎಸ್‌ಸಿ2 ಒಪ್ಪಿರುವ ಪಟ್ಟಿಯಲ್ಲಿನ ಬೇರೊಂದು ಪ್ರಮಾಣಪತ್ರ ಇದ್ದರೂ ಅಷ್ಟೇ ರಿಯಾಯಿತಿ. ಎಲ್ಲ ತಿರುಳು ಆ ‘ಬದಲು’ ಎಂಬಲ್ಲಿದೆ. ಎರಡೂ ಇದ್ದವರಿಗೆ ಎರಡು ವರ್ಷ ಸಿಗುವುದಿಲ್ಲ. ಬಿ.ಇ., ಎಂ.ಟೆಕ್, ಜೊತೆಗೆ ನಾಲ್ಕು ಸರ್ಟಿಫಿಕೇಟು ಇದ್ದರೂ ಮನ್ನಾ ಆಗುವುದು ಹನ್ನೆರಡೇ ತಿಂಗಳು. ಆದ್ದರಿಂದ ಕಂಪ್ಯೂಟರ್ ಸೈನ್ಸ್ ಪದವೀಧರರು ಬರೀ ರಿಯಾಯಿತಿಗೆಂದು ಇನ್ನೊಂದು ಸರ್ಟಿಫಿಕೇಟಿಗೆ ದುಡ್ಡು ಸುರಿದರೆ, ಈ ಲೆಕ್ಕದ ಮಟ್ಟಿಗೆ ಅದು ದಂಡ.

ಇದರ ಇನ್ನೊಂದು ಮುಖವೂ ಇದೆ. ಪದವಿ ಇಲ್ಲಿ ಕಡ್ಡಾಯವೇ ಅಲ್ಲ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು ಪೂರ್ತಿ ಐದು ವರ್ಷದ ಅನುಭವ ತೋರಿಸಿದರೆ ಪ್ರಮಾಣಪತ್ರ ಅವರಿಗೂ ಸಿಗುತ್ತದೆ. ಅಂದರೆ ನಾಲ್ಕು ವರ್ಷ ಕೂತು ಓದಿದ ಇಂಜಿನಿಯರಿಂಗಿಗೆ ಈ ಕಟ್ಟೆಯಲ್ಲಿ ಸಿಗುವ ಬೆಲೆ ಸರಿಯಾಗಿ ಒಂದು ವರ್ಷ. ಇಷ್ಟು ಕಡಿಮೆಯೇ ಎನ್ನಿಸಬಹುದು. ಆದರೆ ಓದಿನಿಂದ ಬರುವ ತಿಳಿವಳಿಕೆಯನ್ನು ಅಳೆಯಲು ಪರೀಕ್ಷೆ ಆಗಲೇ ಇದೆ, ಅದರಿಂದ ಯಾರಿಗೂ ವಿನಾಯಿತಿ ಇಲ್ಲ. ನಡುರಾತ್ರಿ ಸರ್ವರ್‌ಗೆ ಯಾರೋ ನುಗ್ಗಿದ್ದಾರೆಂದು ಫೋನ್ ಬಂದಾಗ ಮೊದಲು ಏನನ್ನು ಮುಚ್ಚಬೇಕು, ಯಾರಿಗೆ ಹೇಳಬೇಕು ಎಂಬುದು ತರಗತಿಯಲ್ಲಿ ಬರುವಂಥದಲ್ಲ. ಅನುಭವದ ಷರತ್ತು ಕೇಳುತ್ತಿರುವುದು ಅದನ್ನು.

ಹಳೆಯ ಮಾತು ನಂಬಿದರೆ ಕಷ್ಟ

ಕೆಲ ವರ್ಷಗಳ ಹಿಂದೆ ಈ ರಿಯಾಯಿತಿಯ ಮಾತುಗಳೇ ಬೇರೆ ಇದ್ದವು. ಆಗ ಕೇಳುತ್ತಿದ್ದದ್ದು ‘ನಾಲ್ಕು ವರ್ಷದ ಕಾಲೇಜು ಪದವಿ ಅಥವಾ ಆಯಾ ಪ್ರದೇಶದಲ್ಲಿ ಅದಕ್ಕೆ ಸಮಾನವಾದದ್ದು’. ವಿಷಯ ಯಾವುದೆಂಬ ಪ್ರಶ್ನೆ ಆ ಸಾಲಿನಲ್ಲಿ ಇರಲಿಲ್ಲ. ಹಾಗಾಗಿ ಮೆಕ್ಯಾನಿಕಲ್ ಇಂಜಿನಿಯರ್ ಕೂಡ ಧೈರ್ಯವಾಗಿ ಅರ್ಜಿ ಹಾಕುತ್ತಿದ್ದ. ಮೂರೇ ವರ್ಷದ ಬಿ.ಸಿ.ಎ. ಓದಿದವರು ಮಾತ್ರ ‘ಸಮಾನ’ ಅನ್ನುವುದರಲ್ಲಿ ತಾವು ಸೇರುತ್ತೇವೋ ಇಲ್ಲವೋ ಎಂದು ತಲೆ ಕೆರೆದುಕೊಳ್ಳುತ್ತಿದ್ದರು.

ಈಗಿನ ನಿಯಮದಲ್ಲಿ ವರ್ಷದ ಲೆಕ್ಕ ಹಿಂದೆ ಸರಿದು ವಿಷಯ ಮುಂದೆ ಬಂದಿದೆ. ಕಂಪ್ಯೂಟರ್ ಓದಿದ ಬಿ.ಸಿ.ಎ. ಪದವೀಧರರಿಗೆ ಇದರಿಂದ ಅನುಕೂಲ. ಮೆಕ್ಯಾನಿಕಲ್ ಅಥವಾ ಸಿವಿಲ್ ಓದಿ ಐಟಿಗೆ ಬಂದವರು ತಮ್ಮ ಪದವಿ ‘ಹತ್ತಿರದ ವಿಷಯ’ ಆಗುತ್ತದೆ ಎಂದು ಮೊದಲೇ ಗಟ್ಟಿಯಾಗಿ ನಂಬಿಕೊಳ್ಳುವಂತಿಲ್ಲ. ಒಪ್ಪಿದ ಪ್ರಮಾಣಪತ್ರಗಳ ಪಟ್ಟಿಯೂ ಕಾಲಕಾಲಕ್ಕೆ ಬದಲಾಗುತ್ತದೆ. ಐದು ವರ್ಷದ ಹಿಂದೆ ಪಾಸಾದ ಸೀನಿಯರ್ ಹೇಳಿದ ಮಾತು ಅವನ ಕಾಲಕ್ಕೆ ನಿಜವೇ ಇದ್ದಿರಬಹುದು. ಅರ್ಜಿ ಹಾಕುವ ದಿನ ಸಂಸ್ಥೆಯ ಜಾಲತಾಣದಲ್ಲಿ ಏನಿದೆಯೋ ಅದಷ್ಟೇ ಲೆಕ್ಕಕ್ಕೆ ಬರುತ್ತದೆ.

ಆರು ವರ್ಷದ ಬಯೋಡೇಟಾ, ನಾಲ್ಕು ವರ್ಷದ ಅನುಭವ

ತಿಂಗಳುಗಳನ್ನು ಎಣಿಸುವ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ದಾವಣಗೆರೆಯ ಸೌಮ್ಯಾ ಎಂಬವರು 2018ರಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿದರು ಎಂದಿಟ್ಟುಕೊಳ್ಳೋಣ. ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಕಂಪನಿಯೊಂದರ ನೆಟ್‌ವರ್ಕ್ ವಿಭಾಗಕ್ಕೆ ಸೇರಿ ಎರಡು ವರ್ಷ ಅಲ್ಲಿದ್ದರು. ನಂತರ ಹದಿನೆಂಟು ತಿಂಗಳು ಇನ್ನೊಂದು ಕಂಪನಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರಿನ ಟೆಸ್ಟಿಂಗ್ ಮಾಡಿದರು. 2022ರ ಫೆಬ್ರವರಿಯಿಂದ 2024ರ ಜುಲೈವರೆಗೆ, ಅಂದರೆ ಮೂವತ್ತು ತಿಂಗಳು, ಸುರಕ್ಷತಾ ಕಾವಲು ಕೇಂದ್ರದಲ್ಲಿ ವಿಶ್ಲೇಷಕಿಯಾಗಿದ್ದು ಆ ಕೆಲಸದಲ್ಲೇ ಮುಂದುವರಿದಿದ್ದಾರೆ. 2024ರ ಆಗಸ್ಟ್ ಮೊದಲ ವಾರ ಪರೀಕ್ಷೆ ಪಾಸಾದರು. ಬಯೋಡೇಟಾ ನೋಡಿದರೆ ಪೂರ್ತಿ ಆರು ವರ್ಷದ ಅನುಭವ. ಐದು ಕೇಳಿದಲ್ಲಿ ಆರು ಇದ್ದ ಮೇಲೆ ಚಿಂತೆ ಏನು ಎನ್ನಬಹುದು.

ಆದರೆ ನಿಯಮ ನೋಡುವುದು ಮಾಡಿದ ಕೆಲಸವನ್ನು, ಕಳೆದ ಕಾಲವನ್ನಲ್ಲ. ವಾರಕ್ಕೆ ಕನಿಷ್ಠ 35 ಗಂಟೆಯಂತೆ ನಾಲ್ಕು ವಾರ, ಎಂಟು ಕ್ಷೇತ್ರಗಳಲ್ಲಿ ಬರುವ ಕೆಲಸ ಮಾಡಿದ್ದರೆ ಅದು ಒಂದು ತಿಂಗಳು. ನೆಟ್‌ವರ್ಕ್ ವಿಭಾಗದಲ್ಲಿ ಮೊದಲ ಒಂಬತ್ತು ತಿಂಗಳು ಸೌಮ್ಯಾ ಮಾಡಿದ್ದು ಇಂಟರ್ನೆಟ್ ನಿಧಾನ, ಪ್ರಿಂಟರ್ ಸಿಗುತ್ತಿಲ್ಲ ಎಂಬ ದೂರುಗಳಿಗೆ ಓಡುವ ಕೆಲಸ. ಅದನ್ನು ಸುರಕ್ಷತೆ ಎಂದು ತೋರಿಸುವುದು ಕಷ್ಟ. ಆಮೇಲಿನ ಹದಿನೈದು ತಿಂಗಳು ಅವರು ಫೈರ್‌ವಾಲ್ ನೋಡಿಕೊಂಡರು. ಯಾವ ಸಂಪರ್ಕ ಒಳಗೆ ಬರಬೇಕು, ಯಾವುದು ಬಾರದು ಎಂಬ ನಿಯಮ ಬರೆಯುವುದು, ಹಳೆಯದನ್ನು ತೆಗೆಯುವುದೇ ಅವರ ದಿನದ ಕೆಲಸವಾಗಿತ್ತು. ಇದು ನೆಟ್‌ವರ್ಕ್ ಸುರಕ್ಷತೆಯ ಕ್ಷೇತ್ರಕ್ಕೆ ಸೇರುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಮೊತ್ತ ಸರಿಯಾಗಿ ಬರುತ್ತದೋ ಎಂದು ನೋಡಿದ ಹದಿನೆಂಟು ತಿಂಗಳಿಗೆ ಸೊನ್ನೆ. ಅದೇ ತಂತ್ರಾಂಶಕ್ಕೆ ಹೊರಗಿನವರು ನುಗ್ಗಬಹುದೇ ಎಂದು ಪರೀಕ್ಷಿಸಿದ್ದರೆ ಮಾತು ಬೇರೆ ಇರುತ್ತಿತ್ತು. ಕಾವಲು ಕೇಂದ್ರದ ಮೂವತ್ತು ತಿಂಗಳು ಪೂರ್ತಿ ಸಲ್ಲುತ್ತದೆ.

ಹದಿನೈದಕ್ಕೆ ಮೂವತ್ತು ಸೇರಿದರೆ 45 ತಿಂಗಳು. ಕ್ಷೇತ್ರಗಳೂ ಎರಡಾದವು. ಇನ್ನು ಸೌಮ್ಯಾಗೆ ನೆನಪಾಗುವುದು ಕೊನೆಯ ಸೆಮಿಸ್ಟರಿನಲ್ಲಿ ಮಾಡಿದ ಇಂಟರ್ನ್‌ಶಿಪ್. ಸುರಕ್ಷತಾ ತಂಡವೊಂದರಲ್ಲಿ ವಾರಕ್ಕೆ 20 ಗಂಟೆಯಂತೆ 26 ವಾರ. ಇಂಟರ್ನ್‌ಶಿಪ್ ಲೆಕ್ಕಕ್ಕೆ ಬರುತ್ತದೆ, ಸಂಬಳ ಕೊಟ್ಟಿದ್ದರೂ ಸರಿ, ಕೊಡದಿದ್ದರೂ ಸರಿ. ವಾರಕ್ಕೆ 20ರಿಂದ 34 ಗಂಟೆಯ ಅರೆಕಾಲಿಕ ಕೆಲಸಕ್ಕೆ ಗಂಟೆಯ ಲೆಕ್ಕ: 1040 ಗಂಟೆಗೆ ಆರು ತಿಂಗಳು. ಸೌಮ್ಯಾ ಮಾಡಿದ್ದು 520 ಗಂಟೆ, ಅಂದರೆ ಮೂರು ತಿಂಗಳು. ಒಟ್ಟು 48 ಆಯಿತು. ಇದಕ್ಕೆ ಬಿ.ಇ. ಪದವಿಯ 12 ಸೇರಿದರೆ 60, ಅಂದರೆ ಐದು ವರ್ಷ ಸರಿಯಾಗಿ ತುಂಬಿತು.

ಪದವಿ ಇಲ್ಲದಿದ್ದರೆ? 48ರಲ್ಲೇ ನಿಂತು 2025ರ ಜುಲೈ ಮುಗಿಯುವವರೆಗೆ ಕಾಯಬೇಕಿತ್ತು. ಆದರೆ ಪರೀಕ್ಷೆ ಪಾಸಾದ ಒಂಬತ್ತು ತಿಂಗಳೊಳಗೆ ಅನುಭವದ ಅರ್ಜಿ ಹಾಕಬೇಕೆಂಬ ಗಡುವು ಇದೆ, ಅದು 2025ರ ಮೇ ತಿಂಗಳಿಗೇ ಮುಗಿಯುತ್ತದೆ. ಹಾಗಾಗಿ ಇಂಥ ಕಡೆ ಪದವಿಯ ಒಂದು ವರ್ಷ ಬರೀ ಒಂದು ವರ್ಷ ಉಳಿಸುವುದಿಲ್ಲ. ನೇರವಾಗಿ ಪ್ರಮಾಣಪತ್ರ ಪಡೆಯುವುದು ಮತ್ತು ಸುತ್ತುದಾರಿ ಹಿಡಿಯುವುದು, ಇವೆರಡರ ನಡುವಿನ ವ್ಯತ್ಯಾಸವನ್ನೇ ಅದು ತೀರ್ಮಾನಿಸುತ್ತದೆ.

ಕಾಗದ ಕೈಕೊಡುವ ಕಡೆ

ಕೂಡುವ ಲೆಕ್ಕ ಸುಲಭ, ಅದನ್ನು ರುಜುವಾತು ಮಾಡುವುದು ಕಷ್ಟ. ಅರ್ಜಿಗೆ ಈಗಾಗಲೇ ಐಎಸ್‌ಸಿ2 ಪ್ರಮಾಣಪತ್ರ ಹೊಂದಿರುವ ಒಬ್ಬ ಸದಸ್ಯರ ದೃಢೀಕರಣ ಬೇಕು. ಅಭ್ಯರ್ಥಿ ಹೇಳಿಕೊಂಡ ಅನುಭವ ತಮಗೆ ತಿಳಿದ ಮಟ್ಟಿಗೆ ನಿಜ ಎಂದು ಅವರು ಒಪ್ಪಬೇಕು. ಪರಿಚಯದ ಸದಸ್ಯರು ಯಾರೂ ಇಲ್ಲದಿದ್ದರೆ ಸಂಸ್ಥೆಯೇ ದಾಖಲೆ ನೋಡಿ ಆ ಕೆಲಸ ಮಾಡುತ್ತದೆ. ಇದರ ಮೇಲೆ ಕೆಲವು ಅರ್ಜಿಗಳನ್ನು ಸುಮ್ಮನೆ ಆರಿಸಿ ತಪಾಸಣೆಗೂ ಒಳಪಡಿಸಲಾಗುತ್ತದೆ.

ನಮ್ಮಲ್ಲಿ ತೊಡಕಾಗುವುದು ಅನುಭವ ಪತ್ರದ ವಿಷಯದಲ್ಲಿ. ಕೆಲಸ ಬಿಡುವಾಗ ಎಚ್‌ಆರ್ ವಿಭಾಗ ಕೊಡುವ ಪತ್ರದಲ್ಲಿ ಸಾಮಾನ್ಯವಾಗಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು, ಕೊನೆಗೊಂದು ಶುಭ ಹಾರೈಕೆ ಇರುತ್ತದೆ. ‘ಸೀನಿಯರ್ ಇಂಜಿನಿಯರ್’ ಎಂಬ ಹುದ್ದೆಯ ಹೆಸರು ಫೈರ್‌ವಾಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೌಮ್ಯಾ ತಮ್ಮ ಮೊದಲ ಕಂಪನಿಯಿಂದ ತಂದ ಪತ್ರದಲ್ಲಿ 24 ತಿಂಗಳು ಇದೆ. ಅದರಲ್ಲಿ 15 ತಿಂಗಳು ಏನು ಮಾಡಿದರು ಎಂಬುದು ಎಲ್ಲೂ ಇಲ್ಲ. ಅದನ್ನು ಹೇಳಬಲ್ಲವರು ಆಗಿನ ಮ್ಯಾನೇಜರ್. ಅವರು ಅಷ್ಟು ಹೊತ್ತಿಗೆ ಬೇರೆ ಕಂಪನಿಗೆ ಹೋಗಿದ್ದರೆ, ಅಥವಾ ಆ ಕಂಪನಿಯೇ ಮುಚ್ಚಿದ್ದರೆ, ಹುಡುಕಾಟ ಶುರು.

ಇದಕ್ಕೆ ಪರಿಹಾರ ಕೆಲಸದಲ್ಲಿರುವಾಗಲೇ ಇದೆ. ಕೆಲಸ ಬಿಡುವ ಮುಂಚೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಯಾವ ಜವಾಬ್ದಾರಿ ಇತ್ತು ಎಂದು ಮೂರು ನಾಲ್ಕು ಸಾಲು ಕಂಪನಿಯ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳುವುದು. ಇಂಟರ್ನ್‌ಶಿಪ್‌ಗೆ ಇದು ಇನ್ನೂ ಮುಖ್ಯ. ಅಲ್ಲಿ ಸಂಬಳದ ಚೀಟಿಯಾಗಲಿ ಪಿಎಫ್ ದಾಖಲೆಯಾಗಲಿ ಇರದಿರುವುದೇ ಹೆಚ್ಚು, ಲೆಟರ್‌ಹೆಡ್ ಮೇಲಿನ ಪತ್ರವೇ ಆಧಾರ. ಸೌಮ್ಯಾಗೆ ಆ ಪತ್ರ ಸಿಗದಿದ್ದರೆ ಮೂರು ತಿಂಗಳು ಕೈಬಿಟ್ಟು ಲೆಕ್ಕ 57ಕ್ಕೆ ಇಳಿಯುತ್ತದೆ. ಆಗಲೂ ಗಾಬರಿ ಪಡಬೇಕಿಲ್ಲ. ಅವರು ಈಗಿನ ಕೆಲಸದಲ್ಲೇ ಇರುವುದರಿಂದ ಅಕ್ಟೋಬರ್ ಮುಗಿಯುವಷ್ಟರಲ್ಲಿ 60 ತುಂಬುತ್ತದೆ, ಮೇ ತಿಂಗಳ ಗಡುವಿಗೆ ಇನ್ನೂ ಸಾಕಷ್ಟು ಸಮಯ ಇರುತ್ತದೆ. ಆದರೆ ಈ ಕೊರತೆ ಗೊತ್ತಾಗಬೇಕಾದದ್ದು ಆಗಸ್ಟಿನಲ್ಲಿ. ಗಡುವಿನ ಕೊನೆಯ ವಾರದಲ್ಲಿ ಕಾಗದ ಜೋಡಿಸಲು ಕೂತರೆ ಸರಿಪಡಿಸಲು ದಾರಿ ಉಳಿಯುವುದಿಲ್ಲ.

ಅನುಭವ ಇಲ್ಲದವರಿಗೆ ಆರು ವರ್ಷ

ಕಾಲೇಜಿನಿಂದ ಈಗಷ್ಟೇ ಹೊರಬಂದವರೂ ಈ ಪರೀಕ್ಷೆ ಬರೆಯಬಹುದು. ಪಾಸಾದರೆ ಅವರು ‘ಐಎಸ್‌ಸಿ2 ಅಸೋಸಿಯೇಟ್’ ಆಗುತ್ತಾರೆ. ಮೇಲೆ ಹೇಳಿದ ಸುತ್ತುದಾರಿ ಇದೇ. ಅನುಭವ ಗಳಿಸಲು ಅವರಿಗೆ ಆರು ವರ್ಷ ಸಮಯ ಸಿಗುತ್ತದೆ. ಅಲ್ಲಿಯವರೆಗೆ ವಿಸಿಟಿಂಗ್ ಕಾರ್ಡಿನಲ್ಲೋ ಲಿಂಕ್ಡ್‌ಇನ್‌ನಲ್ಲೋ ಹೆಸರಿನ ಮುಂದೆ ಸಿಐಎಸ್‌ಎಸ್‌ಪಿ ಎಂದು ಹಾಕಿಕೊಳ್ಳುವಂತಿಲ್ಲ. ಅಸೋಸಿಯೇಟ್ ಎಂದಷ್ಟೇ ಹೇಳಿಕೊಳ್ಳಬಹುದು.

ಪದವಿಯ ರಿಯಾಯಿತಿಗೆ ಹೆಚ್ಚಿನ ಬೆಲೆ ಬರುವುದು ಇವರ ವಿಷಯದಲ್ಲಿ. ಪದವಿಯ ಮನ್ನಾ ಇಲ್ಲದ ಅಸೋಸಿಯೇಟ್ ಆರು ವರ್ಷದಲ್ಲಿ ಐದು ವರ್ಷದ ಅನುಭವ ತುಂಬಬೇಕು, ಅಂದರೆ ಕೈಯಲ್ಲಿ ಒಂದೇ ವರ್ಷದ ಬಿಡುವು. ಮನ್ನಾ ಇದ್ದವರಿಗೆ ಆರರಲ್ಲಿ ನಾಲ್ಕು ಸಾಕು, ಬಿಡುವು ಎರಡು ವರ್ಷ. ಹೆರಿಗೆ, ಊರಿನಲ್ಲಿ ಹುಷಾರಿಲ್ಲದ ಅಪ್ಪ, ಬೆಂಚ್ ಮೇಲೆ ಕಳೆದ ತಿಂಗಳುಗಳು, ಸುರಕ್ಷತೆಗೆ ಸಂಬಂಧವಿಲ್ಲದ ಪ್ರಾಜೆಕ್ಟಿಗೆ ಎತ್ತಿಹಾಕಿದ ಒಂದು ವರ್ಷ, ಇವೆಲ್ಲ ನಮ್ಮ ಐಟಿ ಜೀವನದಲ್ಲಿ ಬಂದೇ ಬರುತ್ತವೆ. ಅವನ್ನು ತಾಳಿಕೊಳ್ಳುವ ಜಾಗವನ್ನು ಪದವಿ ಇಮ್ಮಡಿ ಮಾಡುತ್ತದೆ.

ಬೇರೆ ಕಟ್ಟೆಯಲ್ಲಿ ಬೇರೆ ಬೆಲೆ

ಒಂದು ಸಂಸ್ಥೆ ಕೊಡುವ ರಿಯಾಯಿತಿಯನ್ನು ನೋಡಿ ಇನ್ನೊಂದೂ ಹಾಗೇ ಇರುತ್ತದೆ ಎಂದುಕೊಳ್ಳುವುದು ಇನ್ನೊಂದು ತಪ್ಪು. ಐಸಾಕಾ ಸಂಸ್ಥೆ ಮಾಹಿತಿ ವ್ಯವಸ್ಥೆಗಳ ಲೆಕ್ಕಪರಿಶೋಧಕರಿಗೆ ಕೊಡುವ ಸಿಐಎಸ್‌ಎ ಪ್ರಮಾಣಪತ್ರಕ್ಕೂ ಬೇಕಾದದ್ದು ಐದು ವರ್ಷದ ಅನುಭವ. ಆದರೆ ಅಲ್ಲಿ ಓದು ಮತ್ತಿತರ ಆಧಾರದ ಮೇಲೆ ಗರಿಷ್ಠ ಮೂರು ವರ್ಷದವರೆಗೆ ಮನ್ನಾ ಸಾಧ್ಯ. ಎಷ್ಟೇ ಓದಿದ್ದರೂ ಉಳಿದ ಎರಡು ವರ್ಷದ ಕೆಲಸ ತಪ್ಪಿದ್ದಲ್ಲ. ಅದೇ ಪದವಿ ಒಂದು ಕಡೆ ಒಂದು ವರ್ಷ, ಪಕ್ಕದ ಕಡೆ ಅದಕ್ಕಿಂತ ಹೆಚ್ಚು.

ನಮ್ಮ ಸಿ.ಎ. ಕೋರ್ಸಿನಲ್ಲಿ ಇದು ಪೂರ್ತಿ ತಿರುವುಮುರುವು. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಪದವೀಧರರಿಗೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆಯನ್ನೇ ಬಿಟ್ಟುಕೊಡುತ್ತದೆ. ವಾಣಿಜ್ಯ ಪದವೀಧರರಿಗೆ ಶೇ 55, ಬೇರೆ ವಿಷಯದವರಿಗೆ ಶೇ 60 ಅಂಕ ಇರಬೇಕು. ಅದನ್ನು ‘ಡೈರೆಕ್ಟ್ ಎಂಟ್ರಿ’ ಎನ್ನುತ್ತಾರೆ. ಅಂದರೆ ಶೇ 57 ಅಂಕದ ಬಿ.ಕಾಂ. ಹುಡುಗಿ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗುತ್ತಾಳೆ, ಅಷ್ಟೇ ಅಂಕದ ಬಿ.ಎಸ್ಸಿ. ಹುಡುಗ ಪಿಯುಸಿ ಮುಗಿಸಿದವರ ಜೊತೆ ಫೌಂಡೇಶನ್ನಿನ ನಾಲ್ಕು ಪತ್ರಿಕೆ ಬರೆಯುತ್ತಾನೆ. ಆದರೆ ಎರಡು ವರ್ಷದ ಆರ್ಟಿಕಲ್‌ಶಿಪ್‌ನಲ್ಲಿ ಇಬ್ಬರಿಗೂ ಒಂದು ದಿನದ ರಿಯಾಯಿತಿ ಇಲ್ಲ. ಎಂ.ಕಾಂ. ಮಾಡಿ ಬಂದವರಿಗೂ ಇಲ್ಲ. ಅಲ್ಲಿ ಪದವಿ ಪರೀಕ್ಷೆಯನ್ನು ಮನ್ನಾ ಮಾಡುತ್ತದೆ, ಕಾಲವನ್ನಲ್ಲ. ಸಿಐಎಸ್‌ಎಸ್‌ಪಿಯಲ್ಲಿ ಕಾಲವನ್ನು ಮನ್ನಾ ಮಾಡುತ್ತದೆ, ಪರೀಕ್ಷೆಯನ್ನಲ್ಲ.

ಹಾಗಾಗಿ ಯಾವುದೇ ವೃತ್ತಿ ಪ್ರಮಾಣಪತ್ರದ ಮಾಹಿತಿ ಪುಸ್ತಿಕೆ ಕೈಗೆ ಬಂದಾಗ ಮೂರು ಸಂಗತಿ ಹುಡುಕಬೇಕಾಗುತ್ತದೆ. ಪದವಿ ಬಿಡಿಸುವುದು ಪರೀಕ್ಷೆಯನ್ನೋ ಅನುಭವವನ್ನೋ? ಎರಡು ಅರ್ಹತೆ ಇದ್ದರೆ ರಿಯಾಯಿತಿ ಕೂಡುತ್ತದೋ, ಇಲ್ಲ ಯಾವುದಾದರೂ ಒಂದೋ? ಅದನ್ನು ಕೇಳಲು ಕೊನೆಯ ದಿನ ಯಾವುದು?

ಸೌಮ್ಯಾ ಅವರಂಥವರು ಅರ್ಜಿ ಒಪ್ಪಿಗೆಯಾಗಿ ಪ್ರಮಾಣಪತ್ರ ಪಡೆದ ಮೇಲೂ ಲೆಕ್ಕ ನಿಲ್ಲುವುದಿಲ್ಲ. ಮೂರು ವರ್ಷಕ್ಕೊಮ್ಮೆ 120 ಕಲಿಕಾ ಅಂಕ ತೋರಿಸಬೇಕು, ತರಬೇತಿ, ಉಪನ್ಯಾಸ, ಲೇಖನ ಇತ್ಯಾದಿಗಳಿಂದ ಅದನ್ನು ಗಳಿಸಬೇಕು. ಜೊತೆಗೆ ಪ್ರತಿ ವರ್ಷ ಸದಸ್ಯತ್ವ ಶುಲ್ಕ ಕಟ್ಟಬೇಕು. ಹಿಂದೆ ಪಡೆದ ಬಿ.ಇ.ಗೆ ಈ 120ರಲ್ಲಿ ಒಂದು ಅಂಕವೂ ಇಲ್ಲ.